ಇದಲ್ಲ, ಅದು!

ಹೋದ ಮಳೆಗಾಲದಲ್ಲಿ ನಮ್ಮ ಬಾಡಿಗೆ ಮನೆಯ ಸಿಂಕಿನ ಕೆಳಗಿನ ಪೈಪು ಸೋರತೊಡಗಿತು. ‘ಒಂದು ಫೋಟೋ ಕಳಿಸಿ ಸರ್, ಪ್ಲಂಬರ್‌ಗೆ ತೋರಿಸ್ತೀನಿ’ ಎಂದರು ಮನೆ ಮಾಲೀಕರು. ಬಗ್ಗಿ, ಟಾರ್ಚ್ ಹಿಡಿದು ಫೋಟೋ ತೆಗೆದೆ. ಅದೇ ವಾರ ನನ್ನ ಕಾಲಿನ ಹೆಬ್ಬೆರಳು ಉಗುರುಸುತ್ತಾಗಿ ಊದಿಕೊಂಡಿತ್ತು. ಹೇಗೂ ಫೋನ್ ಕೈಯಲ್ಲಿದೆ, ಡಾಕ್ಟರ್ ಗೆಳೆಯನಿಗೆ ತೋರಿಸೋಣ ಎಂದು ಅದರದ್ದೂ ಒಂದು ತೆಗೆದೆ. ಆಮೇಲೆ ಮಾಲೀಕರ ಚಾಟ್ ತೆರೆದು ಮೊದಲು ಕಂಡ ಫೋಟೋ ಒತ್ತಿ, ಕೆಳಗೆ ಬರೆದೆ: ‘ಇಲ್ಲಿಂದಲೇ ಸೋರ್ತಿರೋದು ಸರ್, ಎರಡು ದಿನದಿಂದ.’

ಹೋದದ್ದು ಹೆಬ್ಬೆರಳು. ಎರಡು ನೀಲಿ ಗೆರೆ ಮೂಡಿದವು. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದೇ ಸಾಲು: ‘ಇದು ಪ್ಲಂಬರ್ ಕೈಲಿ ಆಗಲ್ಲ ಸರ್.’

ನಾನು ಗಾಬರಿಯಲ್ಲಿ ಫೋಟೋವನ್ನು ಒತ್ತಿ ಹಿಡಿದು, ಕಸದ ಬುಟ್ಟಿಯ ಗುರುತು ಮುಟ್ಟಿ, ಬಂದ ಆಯ್ಕೆಗಳಲ್ಲಿ ಕೈಗೆ ಸಿಕ್ಕಿದ್ದನ್ನು ಒತ್ತಿದೆ. ಒತ್ತಿದ್ದು `Delete for me`. ನನ್ನ ಫೋನಿನಿಂದ ಹೆಬ್ಬೆರಳು ಮಾಯವಾಯಿತು, ಅವರ ಫೋನಿನಲ್ಲಿ ಹಾಗೇ ಉಳಿಯಿತು. ನಾನು ಅಳಿಸಿದ್ದು ಆ ಫೋಟೋವನ್ನು ಹಿಂದಕ್ಕೆ ಪಡೆಯುವ ನನ್ನ ದಾರಿಯನ್ನು ಮಾತ್ರ.

ಇಷ್ಟಕ್ಕೂ ಹೆಬ್ಬೆರಳಿನಿಂದ ಯಾರಿಗೂ ನಷ್ಟವಾಗಲಿಲ್ಲ, ಮಾಲೀಕರು ಈಗಲೂ ಎದುರು ಸಿಕ್ಕರೆ ಮೊದಲು ನನ್ನ ಕಾಲು ನೋಡುತ್ತಾರೆ ಅಷ್ಟೆ. ಆದರೆ ತಪ್ಪು ಫೋಟೋ ಹೋಯಿತು ಎಂದರೆ ಎಲ್ಲರೂ ಮಾಡುವುದು ಇದನ್ನೇ, ಮೊದಲು ಅಳಿಸಲು ಓಡುವುದು. ಅಳಿಸುವುದು ಬೇರೆ ಕೆಲಸ, ತಿದ್ದುವುದು ಬೇರೆ ಕೆಲಸ ಎಂದು ನನಗೆ ಹೊಳೆದದ್ದು ಇದಾಗಿ ಕೆಲವು ತಿಂಗಳ ಮೇಲೆ, ನನ್ನ ಹೆಂಡತಿಯ ರವಿಕೆಯ ದೆಸೆಯಿಂದ.

ಅವಳ ತವರು ದಾವಣಗೆರೆ. ಮದುವೆಗೆ ಮುಂಚಿನಿಂದ ಅವಳಿಗೆ ಬ್ಲೌಸ್ ಹೊಲಿಯುವ ಅಕ್ಕ ಅಲ್ಲಿದ್ದಾರೆ. ಅಳತೆ ಬ್ಲೌಸು ಅವರ ಹತ್ತಿರವೇ ಇದೆ, ಹಾಗಾಗಿ ಮೈಸೂರಿಗೆ ಬಂದು ಹನ್ನೆರಡು ವರ್ಷವಾದರೂ ಟೈಲರ್ ಬದಲಾಗಿಲ್ಲ. ತಮ್ಮನ ಮದುವೆಗೆಂದು ಎರಡು ಬ್ಲೌಸ್ ಪೀಸ್ ಹೋದವು. ಒಂದು ಮುಹೂರ್ತದ ಹಸಿರು ರೇಷ್ಮೆ ಸೀರೆಯದು, ಇನ್ನೊಂದು ಆರತಕ್ಷತೆಯ ನೇರಳೆ ಸೀರೆಯದು. ಫೋನಿನಲ್ಲಿ ಮಾತಾಗಿತ್ತು: ನೇರಳೆಯದಕ್ಕೆ ಮಾಮೂಲಿ ದುಂಡು ಕುತ್ತಿಗೆ ಸಾಕು, ಹಸಿರಿನದಕ್ಕೆ ಆರಿ ವರ್ಕ್ ಮಾಡಿಸಬೇಕು, ಡಿಸೈನ್ ಫೋಟೋ ವಾಟ್ಸ್‌ಆ್ಯಪ್ ಮಾಡುತ್ತೇನೆ.

ಅವಳ ಗ್ಯಾಲರಿಯಲ್ಲಿ ಹದಿನಾಲ್ಕು ಬ್ಲೌಸ್ ಡಿಸೈನ್ ಇದ್ದವು. ಎಲ್ಲವೂ ಸ್ಕ್ರೀನ್‌ಶಾಟ್, ಎಲ್ಲದರಲ್ಲೂ ಬೆನ್ನು ತಿರುಗಿಸಿ ನಿಂತ ಯಾರೋ. ಹೆಬ್ಬೆಟ್ಟಿನ ಗಾತ್ರದಲ್ಲಿ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಅವಳಿಗೆ ಬೇಕಿದ್ದದ್ದು ಬೆನ್ನಿಗೆ ಮಡಕೆಯ ಆಕಾರದಲ್ಲಿ ಇಳಿಯುವ ಪಾಟ್ ನೆಕ್. ಬುಧವಾರ ಬೆಳಗ್ಗೆ 11:20ಕ್ಕೆ ಹೋದದ್ದು ಭುಜದಿಂದ ಭುಜಕ್ಕೆ ಮೇಲೇ ನಿಲ್ಲುವ ಬೋಟ್ ನೆಕ್. 11:26ಕ್ಕೆ ನೀಲಿ ಗೆರೆ, ‘ಸರಿ ಅಕ್ಕ’ ಎಂದು ಉತ್ತರ. ಮಧ್ಯಾಹ್ನ ಊಟದ ಹೊತ್ತಿಗೆ ತಪ್ಪು ಕಣ್ಣಿಗೆ ಬಿತ್ತು. ಅವಳು ನನ್ನ ಹಾಗೆ ಎಡವಲಿಲ್ಲ, ಸರಿಯಾಗಿ `Delete for everyone` ಒತ್ತಿದಳು, ಪಾಟ್ ನೆಕ್ ಫೋಟೋ ಕಳಿಸಿದಳು, ಫೋನ್ ಕೆಳಗಿಟ್ಟಳು. ತಪ್ಪು ಹೋಯಿತು, ಸರಿಯಾದದ್ದು ಬಂತು. ನೋಡಿದರೆ ಕೆಲಸ ಮುಗಿದಂತೆಯೇ ಕಾಣುತ್ತದೆ.

ಐದು ದಿನ ಬಿಟ್ಟು ಟೈಲರ್ ಅಕ್ಕ ಒಂದು ಫೋಟೋ ಕಳಿಸಿದರು, ‘ವರ್ಕ್ ಶುರುವಾಗಿದೆ ಅಕ್ಕ’. ಚೌಕಟ್ಟಿಗೆ ಬಿಗಿದ ಹಸಿರು ರೇಷ್ಮೆ, ಒಂದು ತೋಳಿನ ಕೆಲಸ ಮುಗಿದಿದೆ, ಕುತ್ತಿಗೆಯ ಜಾಗದಲ್ಲಿ ಬಿಳಿ ಗೀಟು. ಗೀಟು ಬೋಟ್ ನೆಕ್ಕಿನದು.

ನಡುವೆ ಏನಾಗಿತ್ತು ಎನ್ನುವುದನ್ನು ಆಮೇಲೆ ಫೋನಿನಲ್ಲಿ ಬಿಡಿಸಿ ಬಿಡಿಸಿ ತಿಳಿದುಕೊಂಡೆವು. ಆರಿ ಕೆಲಸ ಟೈಲರ್ ಅಕ್ಕ ಮಾಡುವುದಿಲ್ಲ, ಅದಕ್ಕೆ ಬೇರೆಯವರಿದ್ದಾರೆ. ಬೋಟ್ ನೆಕ್ ಫೋಟೋ ಬಂದ ಐದೇ ನಿಮಿಷಕ್ಕೆ ಅವರು ಅದನ್ನು ಆರಿಯವರಿಗೆ ಫಾರ್ವರ್ಡ್ ಮಾಡಿದ್ದರು. ನಾವು ನಮ್ಮ ಚಾಟ್‌ನಲ್ಲಿ ಅಳಿಸಿದರೆ ಹೋಗುವುದು ಆ ಚಾಟ್‌ನಲ್ಲಿ ಇರುವುದು ಮಾತ್ರ, ಅಲ್ಲಿಂದ ಮುಂದಕ್ಕೆ ಹೋದ ಪ್ರತಿಗೆ ನಮ್ಮ ಕೈ ಎಟುಕುವುದಿಲ್ಲ. ಸಂಜೆ ಟೈಲರ್ ಅಕ್ಕ ಚಾಟ್ ತೆರೆದಾಗ ಕಂಡದ್ದು ‘ಈ ಸಂದೇಶ ಅಳಿಸಲಾಗಿದೆ’ ಎನ್ನುವ ಅರ್ಥದ ಒಂದು ಬೂದು ಸಾಲು, ಅದರ ಕೆಳಗೆ ತಾವೇ ಬರೆದ ‘ಸರಿ ಅಕ್ಕ’, ಅದರ ಕೆಳಗೆ ಹೊಸ ಫೋಟೋ. ಅಳಿಸಿದ್ದು ಏನು ಎಂದು ಆ ಬೂದು ಸಾಲು ಹೇಳುವುದಿಲ್ಲ. ಏನೋ ಎರಡು ಸಲ ಬಂದಿತ್ತು, ಒಂದು ತೆಗೆದಿದ್ದಾರೆ ಎಂದುಕೊಂಡರು. ಹೊಸ ಫೋಟೋ? ‘ನೇರಳೆಯದಕ್ಕೂ ಡಿಸೈನ್ ಬೇಕು ಅಂತ ಮನಸ್ಸು ಬದಲಾಯಿಸಿದ್ದೀರಿ ಅಂದ್ಕೊಂಡೆ ಅಕ್ಕ.’

ಅವರನ್ನು ಏನನ್ನುವುದು? ಒಂದು ಫೋಟೋ ಆದ ಮೇಲೆ ಇನ್ನೊಂದು ಫೋಟೋ ಬಂದರೆ ನಾವೆಲ್ಲ ಓದಿಕೊಳ್ಳುವುದು ಹಾಗೆಯೇ. ಮಾತಿಲ್ಲದೆ ಬಂದ ಎರಡನೆಯ ಫೋಟೋ ‘ಇದೂ’ ಎನ್ನುತ್ತದೆ, ‘ಇದೇ’ ಎನ್ನುವುದಿಲ್ಲ. ಮೊದಲಿನದರ ಬದಲಿಗೆ ಇದು ಎಂದು ತಿಳಿಯಬೇಕಾದರೆ ಮೊದಲಿನದು ಕಣ್ಣೆದುರು ಇರಬೇಕು, ಅದನ್ನು ಬೆರಳು ಮಾಡಿ ತೋರಿಸಬೇಕು. ನನ್ನ ಹೆಂಡತಿ ಅಳಿಸಿದ್ದರಿಂದ ತೋರಿಸಲು ಏನೂ ಉಳಿದಿರಲಿಲ್ಲ. ತಪ್ಪನ್ನು ಅಳಿಸುವುದರ ಜೊತೆಗೆ ಅದು ತಪ್ಪು ಎನ್ನುವ ಗುರುತನ್ನೂ ಅಳಿಸಿಬಿಟ್ಟಿದ್ದಳು.

ಬಾಯಿಮಾತಿನಲ್ಲಿ ನಾವು ಈ ಎಡವಟ್ಟು ಮಾಡುವುದೇ ಇಲ್ಲ. ‘ನಾಳೆ ಬನ್ನಿ, ಅಲ್ಲ ಅಲ್ಲ, ನಾಡಿದ್ದು’ ಎನ್ನುತ್ತೇವೆ. ‘ನಾಳೆ’ ಎಂದದ್ದನ್ನು ಯಾರೂ ಗಾಳಿಯಿಂದ ವಾಪಸು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಲು ಆಗುವುದೂ ಇಲ್ಲ. ತಪ್ಪು ಮಾತು ಅಲ್ಲೇ ಇರುತ್ತದೆ, ಅದರ ತಲೆಯ ಮೇಲೆ ಒಂದು ‘ಅಲ್ಲ’ ಕೂರುತ್ತದೆ, ಪಕ್ಕದಲ್ಲೇ ಸರಿಯಾದದ್ದು ಬರುತ್ತದೆ. ಕೇಳುವವರಿಗೆ ಯಾವುದು ಹೋಯಿತು, ಯಾವುದು ಬಂತು ಎಂದು ಕ್ಷಣವೂ ಗೊಂದಲವಿಲ್ಲ. ಎಮಾನ್ಯುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್, ಹಾರ್ವಿ ಸ್ಯಾಕ್ಸ್ ಎಂಬ ಮೂವರು ಸಂಶೋಧಕರು ಜನ ಸಹಜವಾಗಿ ಆಡಿದ ಮಾತುಗಳ ಧ್ವನಿಮುದ್ರಣವನ್ನು ಕೂತು ಕೇಳಿ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. 1977ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಬಂದ ಅವರ ಲೇಖನದ ಪ್ರಕಾರ ಮಾತಿನಲ್ಲಿ ಆಗುವ ತಪ್ಪನ್ನು ಹೆಚ್ಚಾಗಿ ಆಡಿದವರೇ, ಅದೇ ಮಾತಿನ ಒಳಗೇ ತಿದ್ದಿಕೊಳ್ಳುತ್ತಾರೆ. ಕೇಳುವವರು ತಪ್ಪು ಗೊತ್ತಾದರೂ ಒಂದು ಗಳಿಗೆ ಸುಮ್ಮನಿದ್ದು ಅವರಿಗೇ ಅವಕಾಶ ಕೊಡುತ್ತಾರೆ. ನಮ್ಮ ಮಾಲೀಕರ ಆ ಮೌನ ನೆನಪಾಗುತ್ತದೆ. ಅದು ನನಗೆ ಕೊಟ್ಟ ಅವಕಾಶ, ನಾನು ಅದನ್ನು ಕಸದ ಬುಟ್ಟಿ ಹುಡುಕುವುದರಲ್ಲಿ ಕಳೆದೆ.

ಹಾಗಾದರೆ ಫೋನಿನಲ್ಲಿ ‘ಅಲ್ಲ ಅಲ್ಲ’ ಎನ್ನುವುದು ಹೇಗೆ? ವಾಟ್ಸ್‌ಆ್ಯಪ್‌ನಲ್ಲಿ ಅದಕ್ಕೆ ಬೇಕಾದದ್ದು ಇದೆ, ಜನ ಬಳಸುವುದು ಕಡಿಮೆ. ತಪ್ಪು ಫೋಟೋವನ್ನು ಬೆರಳಿನಿಂದ ಬಲಕ್ಕೆ ಎಳೆದರೆ ಅದು ಚಿಕ್ಕದಾಗಿ ಕೆಳಗಿನ ಬರೆಯುವ ಜಾಗಕ್ಕೆ ಬಂದು ಕೂರುತ್ತದೆ. ಒತ್ತಿ ಹಿಡಿದು `Reply` ಮುಟ್ಟಿದರೂ ಅದೇ. ಆಗಲೇ ಅಕ್ಷರ ಟೈಪ್ ಮಾಡಬೇಕೆಂದಿಲ್ಲ. ಅದು ಅಲ್ಲಿ ಕೂತಿರುವಾಗಲೇ ಫೋಟೋ ಲಗತ್ತಿಸುವ ಗುರುತು ಒತ್ತಿ ಸರಿಯಾದ ಫೋಟೋ ಆರಿಸಿ, ಅದರ ಕೆಳಗೆ ಒಕ್ಕಣೆ ಬರೆದು ಕಳಿಸಬಹುದು. ಆಗ ಹೋಗುವ ಒಂದೇ ಸಂದೇಶದಲ್ಲಿ ಮೂರೂ ಇರುತ್ತವೆ: ಮೇಲೆ ತಪ್ಪು ಫೋಟೋದ ಚಿಕ್ಕ ಗುರುತು, ಅದರ ಕೆಳಗೆ ಸರಿಯಾದ ಫೋಟೋ, ಅದರ ಕೆಳಗೆ ನಿಮ್ಮ ಮಾತು. ಗ್ರೂಪಿನಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ನೀವು ತಪ್ಪು ಕಂಡುಹಿಡಿಯುವ ಹೊತ್ತಿಗೆ ನಡುವೆ ನಾಲ್ಕು ಶುಭೋದಯ, ಎರಡು ಹುಟ್ಟುಹಬ್ಬ ಹಾದುಹೋಗಿರುತ್ತವೆ. ‘ಅದಲ್ಲ ಇದು’ ಎಂದು ಬರಿದೆ ಬರೆದರೆ ಯಾವುದು ಅದು, ಯಾವುದು ಇದು?

ಇನ್ನು ಒಕ್ಕಣೆ. ನನ್ನ ಹೆಂಡತಿ ಅಂದು ಬರೆಯಬೇಕಿದ್ದದ್ದು ಏನು ಎಂದು ನಾವಿಬ್ಬರೂ ಆಮೇಲೆ ಕೂತು ಯೋಚಿಸಿದೆವು. ಬಂದದ್ದು ಇಷ್ಟು:

‘ಅಕ್ಕ, ಮೇಲಿನ ಬೋಟ್ ನೆಕ್ ಫೋಟೋ ಬೇಡ, ತಪ್ಪಿ ಹೋಯ್ತು. ಹಸಿರು ಬ್ಲೌಸ್‌ಗೆ ಈ ಪಾಟ್ ನೆಕ್ಕೇ. ನೇರಳೆ ಮೊದಲು ಹೇಳಿದ ಹಾಗೇ. ಆರಿಯವರಿಗೆ ಕಳಿಸಿದ್ರೆ ಅವರಿಗೂ ಹೇಳಿಬಿಡಿ. ನೋಡಿ ಒಂದು ಹೂಂ ಅನ್ನಿ.’

ಇದರಲ್ಲಿ ಮೊದಲ ಮಾತೇ ಯಾವುದು ಬೇಡ ಎನ್ನುವುದು. ತಪ್ಪನ್ನು ಹೆಸರು ಹಿಡಿದು ಕರೆದಿದೆ, ಬೋಟ್ ನೆಕ್ ಎಂದು. ಹಿಂದೆಯೇ ಸರಿಯಾದದ್ದು ಯಾವುದಕ್ಕೆ ಎನ್ನುವುದೂ ಇದೆ. ನೇರಳೆಯ ಮಾತು ಸೇರಿಸಿದ್ದು ಸುಮ್ಮನಲ್ಲ, ಬದಲಾಗದೆ ಇರುವುದು ಯಾವುದು ಎಂದು ಹೇಳದಿದ್ದರೆ ಅಲ್ಲೊಂದು ಊಹೆಗೆ ಜಾಗವಾಗುತ್ತದೆ, ನಮಗೆ ಆದದ್ದೂ ಅದೇ. ಫೋಟೋ ಇನ್ನೊಬ್ಬರಿಗೆ ಹೋಗಿರಬಹುದು ಎನ್ನುವ ಅಂದಾಜೂ ಇದೆ. ಕೊನೆಯಲ್ಲಿ ಹೂಂ ಕೇಳಿದೆ, ಏಕೆಂದರೆ ನೀಲಿ ಗೆರೆ ಎಂದರೆ ಚಾಟ್ ತೆರೆದರು ಎಂದಷ್ಟೇ ಅರ್ಥ, ಕೈಯಲ್ಲಿರುವ ಕೆಲಸ ಬದಲಾಯಿಸಿದರು ಎಂದಲ್ಲ. ‘ಸರಿ’ ಎಂದು ಬರುವ ತನಕ ತಿದ್ದುಪಡಿ ಅರ್ಧ ದಾರಿಯಲ್ಲಿರುತ್ತದೆ.

ಇದರಲ್ಲಿ ಇಲ್ಲದ್ದನ್ನೂ ನೋಡಿ. ಸಾರಿ ಇಲ್ಲ. ಒಂದು ‘ಸಾರಿ ಅಕ್ಕ’ ಇದ್ದರೆ ಯಾರೂ ಬೇಡ ಎನ್ನುವುದಿಲ್ಲ, ಆದರೆ ಸಾಮಾನ್ಯವಾಗಿ ಆಗುವುದು ಬೇರೆ. ಅಯ್ಯೋ ಸಾರಿ ಎಂದು ಒಂದು ಸಂದೇಶ, ಕೈ ಮುಗಿಯುವ ಗುರುತು ಒಂದು ಸಂದೇಶ, ಮಗು ಫೋನ್ ಹಿಡಿದಿತ್ತು ಎಂದು ಇನ್ನೊಂದು, ನಗುವ ಮುಖ ಮೂರು. ಅಷ್ಟರಲ್ಲಿ ಸರಿಯಾದ ಫೋಟೋ ಪರದೆಯಿಂದ ಮೇಲೆ ಹೋಗಿ ಮರೆಯಾಗಿರುತ್ತದೆ. ನೋಡುವವರಿಗೆ ಕೊನೆಯಲ್ಲಿ ಕಾಣುವುದು ನಮ್ಮ ನಾಚಿಕೆ, ಅವರಿಗೆ ಬೇಕಿದ್ದ ಫೋಟೋ ಅಲ್ಲ. ಅವರು ಪಾಪ, ನಮ್ಮನ್ನು ಸಮಾಧಾನ ಮಾಡುವುದಕ್ಕೂ ಎರಡು ಸಂದೇಶ ಬರೆಯಬೇಕು.

ಒಂದು ಸಣ್ಣ ಅನುಕೂಲ ಇಲ್ಲೇ ಹೇಳಿಬಿಡುತ್ತೇನೆ. ಫೋಟೋ ಸರಿಯಿದ್ದು ಕೆಳಗಿನ ಒಕ್ಕಣೆ ಮಾತ್ರ ತಪ್ಪಾಗಿದ್ದರೆ ಹೊಸದಾಗಿ ಕಳಿಸಬೇಕಿಲ್ಲ. ಒತ್ತಿ ಹಿಡಿದು `Edit` ಆರಿಸಿ ಬರಹ ತಿದ್ದಬಹುದು, ಕಳಿಸಿದ ಹದಿನೈದು ನಿಮಿಷದ ಒಳಗೆ. ಈ ಸೌಲಭ್ಯ ಬರೆದ ಸಂದೇಶಗಳಿಗೆ 2023ರ ಮೇ ತಿಂಗಳಲ್ಲಿ ಬಂತು, ಸ್ವಲ್ಪ ದಿನಕ್ಕೆ ಫೋಟೋ ಒಕ್ಕಣೆಗಳಿಗೂ ವಿಸ್ತರಿಸಿತು. ಫೋಟೋವನ್ನೇ ತೆಗೆದು ಅದೇ ಜಾಗದಲ್ಲಿ ಬೇರೆ ಫೋಟೋ ಇಡಲು ವಾಟ್ಸ್‌ಆ್ಯಪ್‌ನಲ್ಲಿ ಬರುವುದಿಲ್ಲ. ಟೆಲಿಗ್ರಾಂನಲ್ಲಿ ಬರುತ್ತದೆ, ಆದರೆ ನಮ್ಮ ಟೈಲರ್ ಅಕ್ಕನ ಹತ್ತಿರ ಟೆಲಿಗ್ರಾಂ ಇಲ್ಲ.

ಹಾಗೆಂದು ಅಳಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಫೋಟೋ ತಪ್ಪು ಮಾಹಿತಿ ಕೊಡುತ್ತಿದ್ದರೆ ತಿದ್ದಬೇಕು. ಅದು ಆ ಕಣ್ಣುಗಳಿಗೆ ಬೀಳಲೇಬಾರದ ಫೋಟೋ ಆಗಿದ್ದರೆ, ಅಂದರೆ ಮನೆಯೊಳಗಿನದು, ಮಗುವಿನದು, ಬ್ಯಾಂಕ್ ಪಾಸ್‌ಬುಕ್, ಆಧಾರ್, ಯಾರದೋ ವೈದ್ಯಕೀಯ ರಿಪೋರ್ಟು, ಆಗ ಮೊದಲು ಅಳಿಸಬೇಕು, ಆಮೇಲೆ ಮಾತು. ಈ ಎರಡನ್ನು ಬೇರೆ ಮಾಡಿಕೊಳ್ಳಲು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಈ ಫೋಟೋ ಅವರ ಬಳಿ ಉಳಿದರೆ ತೊಂದರೆಯೋ, ಅವರು ಇದನ್ನು ನಂಬಿದರೆ ತೊಂದರೆಯೋ? ಹೆಬ್ಬೆರಳು ಉಳಿದರೂ ತೊಂದರೆಯಿಲ್ಲ, ನಂಬಿದರೂ ಇಲ್ಲ. ಬೋಟ್ ನೆಕ್ ಉಳಿದರೆ ತೊಂದರೆಯಿಲ್ಲ, ನಂಬಿದರೆ ಬ್ಲೌಸು ಹೋಯಿತು.

ಅಳಿಸಬೇಕಾದಾಗ ಕಣ್ಣಿಡಬೇಕಾದದ್ದು ಫೋಟೋದ ಮೂಲೆಯ ಗುರುತಿನ ಮೇಲೆ. ಅಲ್ಲಿ ಇನ್ನೂ ಗಡಿಯಾರವಿದ್ದು ಫೋಟೋದ ಮೇಲೆ ವೃತ್ತ ಸುತ್ತುತ್ತಿದ್ದರೆ ಅದು ನಿಮ್ಮ ಫೋನ್ ಬಿಟ್ಟು ಹೋಗಿಲ್ಲ. ವೃತ್ತದೊಳಗಿನ ಅಡ್ಡಗುರುತು ಒತ್ತಿದರೆ ಅಲ್ಲೇ ನಿಲ್ಲುತ್ತದೆ. ನೆಟ್‌ವರ್ಕ್ ಕೆಟ್ಟದ್ದಿರುವ ಊರಿನವರಿಗೆ ಇದೊಂದು ಲಾಭ. ಒಂದೇ ಬೂದು ಗೆರೆ ಇದ್ದರೆ ಫೋಟೋ ಸರ್ವರ್ ತಲುಪಿದೆ, ಆ ಕಡೆಯ ಫೋನಿಗೆ ಹೋಗಿಲ್ಲ. ಅವರ ಫೋನ್ ಸ್ವಿಚ್ ಆಫ್ ಆಗಿರಬಹುದು, ನೆಟ್ ಇಲ್ಲದಿರಬಹುದು. ಅಳಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಎರಡು ಬೂದು ಗೆರೆ ಬಂದರೆ ಫೋನ್ ತಲುಪಿದೆ, ನೋಟಿಫಿಕೇಶನ್‌ನಲ್ಲಿ ಚಿಕ್ಕದಾಗಿ ಕಂಡಿದ್ದರೂ ಕಂಡಿರಬಹುದು. ನೀಲಿಯಾದರೆ ನೋಡಿದ್ದಾರೆ. ಅದಾದ ಮೇಲೆ ಅಳಿಸುವುದು ಅವರ ನೆನಪಿನಿಂದ ಅಳಿಸುವುದಿಲ್ಲ, ಅವರು ಮತ್ತೆ ತೆರೆಯದ ಹಾಗೆ, ಬೇರೆಯವರ ಕೈಗೆ ಹೋಗದ ಹಾಗೆ ಮಾಡುತ್ತದೆ ಅಷ್ಟೆ. ಅದೂ ಕಡಿಮೆಯೇನಲ್ಲ.

ಅಳಿಸಲು ಇರುವ ಸಮಯ ಕಾಲಕಾಲಕ್ಕೆ ಬೆಳೆದಿದೆ. 2017ರಲ್ಲಿ ಈ ಸೌಲಭ್ಯ ಬಂದಾಗ ಕೊಟ್ಟದ್ದು ಏಳು ನಿಮಿಷ. ಮರುವರ್ಷ ಅದು ಒಂದು ಗಂಟೆ ಚಿಲ್ಲರೆಯಾಯಿತು, 2022ರ ಆಗಸ್ಟ್‌ನಲ್ಲಿ ಎರಡು ದಿನಕ್ಕಿಂತ ತುಸು ಹೆಚ್ಚಾಯಿತು. ಗ್ರೂಪಿನ ಅಡ್ಮಿನ್ ಬೇರೆಯವರು ಹಾಕಿದ್ದನ್ನೂ ತೆಗೆಯಬಹುದು, ಆದ್ದರಿಂದ ನಿಮ್ಮ ಅವಧಿ ಮುಗಿದಿದ್ದರೆ ಅವರಿಗೆ ಒಂದು ಫೋನ್ ಮಾಡಿ ನೋಡಬಹುದು. ನನ್ನ ಹಾಗೆ `Delete for me` ಒತ್ತಿಬಿಟ್ಟವರಿಗೂ ಈಗ ಒಂದು ದಾರಿಯಿದೆ. ಒತ್ತಿದ ಕೂಡಲೇ ಪರದೆಯ ಕೆಳಗೆ `Undo` ಎಂದು ಬರುತ್ತದೆ, ಐದು ಸೆಕೆಂಡ್ ಇರುತ್ತದೆ. ಅದನ್ನು ಮುಟ್ಟಿದರೆ ಫೋಟೋ ವಾಪಸು ಬರುತ್ತದೆ, ಆಗ ಸರಿಯಾದ ಆಯ್ಕೆ ಒತ್ತಬಹುದು. ಗಾಬರಿಯಾದವನಿಗೆ ಐದು ಸೆಕೆಂಡಿನಲ್ಲಿ ಕನ್ನಡಕ ಸಿಗುವುದೂ ಕಷ್ಟ, ಆದರೂ ಇದೆ ಎಂದು ಗೊತ್ತಿದ್ದರೆ ಒಳ್ಳೆಯದು.

ಇದರ ಮಿತಿಯನ್ನೂ ತಿಳಿದಿರಬೇಕು. ಆ ಕಡೆಯವರದು ಐಫೋನ್ ಆಗಿದ್ದು ಫೋಟೋಗಳು ತಾನಾಗಿ ಗ್ಯಾಲರಿಗೆ ಸೇರುವಂತೆ ಇಟ್ಟುಕೊಂಡಿದ್ದರೆ, ಚಾಟ್‌ನಿಂದ ಅಳಿಸಿದರೂ ಗ್ಯಾಲರಿಯ ಪ್ರತಿ ಉಳಿಯಬಹುದು ಎಂದು ವಾಟ್ಸ್‌ಆ್ಯಪ್ ತಾನೇ ಹೇಳುತ್ತದೆ. ಅಳಿಸುವುದು ಕೈಗೂಡದಿದ್ದರೆ ನಿಮಗೆ ಸುದ್ದಿ ಬರುವುದಿಲ್ಲ ಎಂದೂ ಹೇಳುತ್ತದೆ. ಹಾಗಾಗಿ ಖಾಸಗಿ ಫೋಟೋ ಹೋಗಿದ್ದರೆ ಅಳಿಸಿದ ಮೇಲೆಯೂ ಒಂದು ಮಾತು ಬೇಕೇ ಬೇಕು: ‘ಈಗ ಅಳಿಸಿದ್ದು ಬೇರೆಯವರಿಗೆ ಕಳಿಸಬೇಕಿದ್ದ ಫೋಟೋ. ನಿಮ್ಮ ಗ್ಯಾಲರಿಯಲ್ಲಿ ಉಳಿದಿದ್ದರೆ ದಯವಿಟ್ಟು ತೆಗೆದುಬಿಡಿ.’ ಏನು ಫೋಟೋ, ಯಾಕೆ ತೆಗೆದದ್ದು ಎಂದು ವಿವರಿಸಲು ಹೋಗಬಾರದು. ವಿವರಿಸಿದಷ್ಟೂ ನೋಡದವರಿಗೂ ಅದು ಕಾಣತೊಡಗುತ್ತದೆ. ಆದರೆ ಏನೂ ಹೇಳದೆ ಬಿಡುವುದೂ ಸಲ್ಲ. ಬೂದು ಸಾಲೊಂದನ್ನು ಬೀಗರ ಗ್ರೂಪಿನಲ್ಲಿ ಬಿಟ್ಟು ಸುಮ್ಮನಾಗಿ ನೋಡಿ. ಫೋಟೋ ನೋಡಿದ್ದರೆ ಒಬ್ಬಿಬ್ಬರು ನಗುತ್ತಿದ್ದರು, ಅಳಿಸಿದ್ದನ್ನು ಕಂಡು ಎಲ್ಲರೂ ಊಹಿಸುತ್ತಾರೆ.

ಈ ತಪ್ಪು ಆಗುವುದಾದರೂ ಯಾಕೆ? ಡೊನಾಲ್ಡ್ ನಾರ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ 1988ರಲ್ಲಿ ಬರೆದ ಪುಸ್ತಕದಲ್ಲಿ ಒಬ್ಬ ವಿದ್ಯಾರ್ಥಿಯ ಕಥೆ ಹೇಳುತ್ತಾರೆ. ಓಡಿ ಬಂದು ಬೆವರಿನ ಅಂಗಿ ಬಿಚ್ಚಿ, ಉಂಡೆ ಮಾಡಿ, ಒಗೆಯುವ ಬುಟ್ಟಿಗೆ ಎಸೆಯಬೇಕಿದ್ದವನು ಶೌಚದ ಕಮೋಡಿಗೆ ಎಸೆದ. ಗುರಿ ತಪ್ಪಿದ್ದಲ್ಲ, ಬುಟ್ಟಿ ಇದ್ದದ್ದು ಬೇರೆ ಕೋಣೆಯಲ್ಲಿ. ಮನಸ್ಸಿನಲ್ಲಿದ್ದದ್ದು ಸರಿಯೇ, ಕೈ ಮಾತ್ರ ಅದನ್ನೇ ಹೋಲುವ ಇನ್ನೊಂದಕ್ಕೆ ಹೋಯಿತು. ಎರಡು ವಸ್ತು ಎಷ್ಟು ಹೋಲುತ್ತವೋ, ಎಷ್ಟು ಹತ್ತಿರ ಇರುತ್ತವೋ ಈ ಜಾರುವಿಕೆ ಅಷ್ಟು ಸುಲಭ ಎನ್ನುತ್ತಾರೆ ಅವರು. ಫೋನಿನ ಗ್ಯಾಲರಿಯಲ್ಲಿ ಇರುವುದು ಅದೇ ಅಲ್ಲವೇ, ಅಂಚಿಗೆ ಅಂಚು ತಾಗಿಸಿಟ್ಟ ಒಂದೇ ಅಳತೆಯ ಚೌಕಗಳು. ಜೊತೆಗೆ ಹೊಸದು ಸದಾ ಮೊದಲು ಬರುತ್ತದೆ. ನಾನು ಪೈಪಿನ ಆಮೇಲೆ ಹೆಬ್ಬೆರಳು ತೆಗೆದಿದ್ದೆ, ಮೊದಲ ಚೌಕ ಹೆಬ್ಬೆರಳಿನದು. ಬೆರಳಿಗೆ ‘ಈಗ ತಾನೇ ತೆಗೆದದ್ದು’ ಎಂದಷ್ಟೇ ನೆನಪಿತ್ತು.

ಇದಕ್ಕೆ ಇರುವ ತಡೆಗಟ್ಟೆ ತೀರಾ ಚಿಕ್ಕದು. ಫೋಟೋ ಆರಿಸಿದ ಮೇಲೆ ಕಳಿಸುವ ಮುನ್ನ ಅದು ಒಮ್ಮೆ ಪರದೆಯ ತುಂಬ ತೆರೆದುಕೊಳ್ಳುತ್ತದೆ, ಕೆಳಗೆ ಮೂಲೆಯಲ್ಲಿ ಯಾರಿಗೆ ಹೋಗುತ್ತಿದೆ ಎಂದು ಹೆಸರೂ ಇರುತ್ತದೆ. ನಮ್ಮ ಕಣ್ಣು ಆಗ ಒಕ್ಕಣೆ ಬರೆಯುವ ಸಾಲಿನ ಮೇಲೆ ಇರುವುದರಿಂದ ಅದರ ಮೇಲಿರುವ ಫೋಟೋ ಕಾಣುವುದೇ ಇಲ್ಲ. ನನ್ನ ಹೆಂಡತಿ ಈಗ ಒಕ್ಕಣೆಯಲ್ಲಿ ಫೋಟೋದಲ್ಲಿ ಏನಿದೆ ಎಂದೇ ಬರೆಯುತ್ತಾಳೆ. ‘ಇದು ನೋಡಿ’ ಎಂದು ಬರೆಯುವುದಿಲ್ಲ, ‘ಹಸಿರು ಬ್ಲೌಸ್, ಪಾಟ್ ನೆಕ್’ ಎಂದು ಬರೆಯುತ್ತಾಳೆ. ಹಾಗೆ ಬರೆಯಬೇಕಾದರೆ ಫೋಟೋ ನೋಡಲೇಬೇಕು. ಅಕಸ್ಮಾತ್ ತಪ್ಪು ಫೋಟೋ ಹೋದರೂ ಒಕ್ಕಣೆಗೂ ಫೋಟೋಗೂ ಹೊಂದುವುದಿಲ್ಲ ಎಂದು ಆ ಕಡೆಯವರಿಗೆ ಗೊತ್ತಾಗುತ್ತದೆ. ನಮ್ಮ ಮಾಲೀಕರಿಗೆ ಗೊತ್ತಾದದ್ದೂ ಹಾಗೆಯೇ, ಹೆಬ್ಬೆರಳಿನಿಂದ ನೀರು ಸೋರುವುದಿಲ್ಲ.

ಹಸಿರು ಬ್ಲೌಸು ಉಳಿಯಿತು. ಆರಿ ಕೆಲಸದಲ್ಲಿ ಬಟ್ಟೆಯನ್ನು ಮೊದಲೇ ಕತ್ತರಿಸುವುದಿಲ್ಲ, ಚೌಕಟ್ಟಿಗೆ ಬಿಗಿದು, ತೂತು ಮಾಡಿದ ಕಾಗದದ ಮೇಲೆ ಬಿಳಿ ಪುಡಿ ಉಜ್ಜಿ ಗೀಟು ಇಳಿಸಿ, ಕಸೂತಿ ಮುಗಿದ ಮೇಲೆಯೇ ಕತ್ತರಿ ಹಾಕುವುದು. ಕುತ್ತಿಗೆಯ ಸುತ್ತ ಇನ್ನೂ ಸೂಜಿ ಇಳಿದಿರಲಿಲ್ಲ. ಗೀಟು ಒರೆಸಿ ಪಾಟ್ ನೆಕ್ ಹಾಕಿದರು, ಮುಗಿದ ತೋಳು ಹಾಗೇ ಇರಲಿ ಎಂದಾಯಿತು. ‘ಮೇಲಿರೋ ಕುತ್ತಿಗೆನ ಕೆಳಗಿಳಿಸಬಹುದು ಅಕ್ಕ, ಇಳಿಸಿದ್ದನ್ನ ಮೇಲೇರಿಸೋಕೆ ಬರಲ್ಲ, ಪುಣ್ಯಕ್ಕೆ ನೀವು ತಪ್ಪಿದ್ದು ಈ ಕಡೆಗೆ’ ಎಂದರು ಟೈಲರ್ ಅಕ್ಕ.

ಅವರು ಅಂದಿನಿಂದ ತಮ್ಮ ಕಡೆಯಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದಾರೆ. ಯಾರ ಫೋಟೋ ಬಂದರೂ ‘ಸರಿ’ ಎನ್ನುವುದಿಲ್ಲ. ಆ ಫೋಟೋಗೇ ಉತ್ತರವಾಗಿ ‘ಹಸಿರು ಪೀಸು, ಹಿಂದೆ ಪಾಟ್ ನೆಕ್, ತೋಳು ಮೊಳಕೈವರೆಗೆ, ಇದೇ ತಾನೆ ಅಕ್ಕ?’ ಎಂದು ತಮಗೆ ತಿಳಿದದ್ದನ್ನು ತಿರುಗಿ ಬರೆಯುತ್ತಾರೆ. ತಪ್ಪು ಎಂದು ಖಚಿತವಾಗಿ ಕಂಡಾಗಲೂ ತಪ್ಪು ಎನ್ನುವುದಿಲ್ಲ, ಕೇಳುತ್ತಾರೆ. ಹೋದ ತಿಂಗಳು ಗಿರಾಕಿಯೊಬ್ಬರು ಡಿಸೈನ್ ಬದಲು ಗ್ಯಾಸ್ ಬಿಲ್ಲಿನ ಫೋಟೋ ಕಳಿಸಿದ್ದರಂತೆ. ಇವರು ಹತ್ತು ನಿಮಿಷ ಕಾದರು, ಅವರೇ ನೋಡಿಕೊಳ್ಳಲಿ ಎಂದು. ಬರಲಿಲ್ಲ. ಆಮೇಲೆ ಬಿಲ್ಲಿಗೇ ಉತ್ತರ ಹಾಕಿ ಬರೆದರು: ‘ಅಕ್ಕ, ಇದಕ್ಕೆ ಲೈನಿಂಗ್ ಹಾಕ್ಲಾ?’